ತುಟಿ ಮೊದಲು, ಮಾತು ಆಮೇಲೆ: ಬ್ಲೂಟೂತ್ ಇಯರ್‌ಬಡ್‌ನ ವಿಳಂಬಕ್ಕೆ ಸರಿಯಾದ ಪರಿಹಾರವನ್ನು ಆರಿಸುವುದು

ಪರದೆಯ ಮೇಲೆ ಮಾತನಾಡುತ್ತಿರುವವರ ತುಟಿ ಮುಚ್ಚಿಕೊಂಡ ಮೇಲೂ ಕಿವಿಯಲ್ಲಿ ಅವರ ಮಾತು ಇನ್ನೂ ಮುಗಿದಿರುವುದಿಲ್ಲ. ಬ್ಲೂಟೂತ್ ಇಯರ್‌ಬಡ್ ಬಳಸುವವರಲ್ಲಿ ಹಲವರು ಈ ಕಿರಿಕಿರಿಯನ್ನು ಸಹಿಸಿಕೊಳ್ಳುತ್ತಾರೆ, ಇಲ್ಲವೇ ಇಯರ್‌ಬಡ್ ಕೆಟ್ಟಿದೆಯೆಂದು ಭಾವಿಸಿ ಹೊಸದನ್ನು ಕೊಳ್ಳುತ್ತಾರೆ. ಹೊಸದನ್ನು ಕೊಂಡ ಮೇಲೂ ಅದೇ ತೊಂದರೆ ಉಳಿದುಕೊಳ್ಳುವುದುಂಟು. ಇದಕ್ಕೆ ಮುಖ್ಯವಾಗಿ ನಾಲ್ಕು ಪರಿಹಾರಗಳಿವೆ: ವೀಡಿಯೊ ಪ್ಲೇಯರ್‌ನಲ್ಲಿ ಧ್ವನಿಯ ಸಮಯವನ್ನು ಹೊಂದಿಸುವುದು, ಇಯರ್‌ಬಡ್‌ನ ಗೇಮ್ ಮೋಡ್ ಬಳಸುವುದು, ಕಡಿಮೆ ವಿಳಂಬದ ಕೋಡೆಕ್ ಇರುವ ಪ್ರತ್ಯೇಕ ಟ್ರಾನ್ಸ್‌ಮಿಟರ್ ಕೊಳ್ಳುವುದು, ಮತ್ತು ತಂತಿಯ ಇಯರ್‌ಫೋನ್‌ಗೆ ಮರಳುವುದು. ಇವುಗಳಲ್ಲಿ ಯಾವುದು ತಮಗೆ ಹೊಂದುತ್ತದೆ ಎಂಬುದನ್ನು ತೀರ್ಮಾನಿಸುವ ಪ್ರಶ್ನೆ ಒಂದೇ: ಧ್ವನಿ ಬರುವವರೆಗೆ ಚಿತ್ರವನ್ನು ತಡೆದು ಹಿಡಿಯಬಲ್ಲವರು ಆ ಸರಪಳಿಯಲ್ಲಿ ಯಾರಾದರೂ ಇದ್ದಾರೆಯೇ? ಇದ್ದರೆ ಹಣ ಖರ್ಚು ಮಾಡಬೇಕಾಗಿಲ್ಲ. ಇಲ್ಲದಿದ್ದರೆ ಧ್ವನಿಯ ದಾರಿಯನ್ನೇ ಚಿಕ್ಕದಾಗಿಸಬೇಕು.

ವಿಳಂಬ ಹುಟ್ಟುವುದು ಎಲ್ಲಿ

ಫೋನ್ ಅಥವಾ ಲ್ಯಾಪ್‌ಟಾಪ್ ಧ್ವನಿಯನ್ನು ಮೊದಲು ಒಂದು ಕೋಡೆಕ್‌ನಿಂದ ಕುಗ್ಗಿಸಿ, ಪ್ಯಾಕೆಟ್‌ಗಳಾಗಿ ಕಟ್ಟಿ, ರೇಡಿಯೊ ಮೂಲಕ ಕಳುಹಿಸುತ್ತದೆ. ಇಯರ್‌ಬಡ್ ಅದನ್ನು ಪಡೆದು, ಸ್ವಲ್ಪ ಹೊತ್ತು ಶೇಖರಿಸಿಟ್ಟುಕೊಂಡು, ಬಿಡಿಸಿ ನುಡಿಸುತ್ತದೆ. ಈ ಹಂತಗಳೆಲ್ಲ ಸೇರಿ ಸಾಮಾನ್ಯ ಇಯರ್‌ಬಡ್‌ಗಳಲ್ಲಿ ಸುಮಾರು 150ರಿಂದ 250 ಮಿಲಿಸೆಕೆಂಡುಗಳಷ್ಟು ತಡವಾಗುತ್ತದೆ. ಬಹಳಷ್ಟು ಜನ ಈ ತಪ್ಪನ್ನು ಕೋಡೆಕ್‌ನ ಮೇಲೆ ಹೊರಿಸುತ್ತಾರೆ. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. ಪ್ರತಿ ಬ್ಲೂಟೂತ್ ಸಂಗೀತ ಸಾಧನದಲ್ಲೂ ಇರಲೇಬೇಕಾದ ಎಸ್‌ಬಿಸಿ ಕೋಡೆಕ್ ಸಾಮಾನ್ಯವಾಗಿ ಧ್ವನಿಯ 128 ಮಾದರಿಗಳನ್ನು, ಎಂದರೆ ಕ್ಷಣಕ್ಷಣದ ಅಳತೆಗಳನ್ನು, ಒಂದು ಚೌಕಟ್ಟಿನಲ್ಲಿ ಕಟ್ಟುತ್ತದೆ; ಸೆಕೆಂಡಿಗೆ 44,100 ಮಾದರಿಗಳ ವೇಗದಲ್ಲಿ ಅದು ಮೂರು ಮಿಲಿಸೆಕೆಂಡಿಗಿಂತ ಕಡಿಮೆ. ಎಎಸಿ ಕೋಡೆಕ್‌ನ 1024 ಮಾದರಿಗಳ ಚೌಕಟ್ಟು ಅದೇ ವೇಗದಲ್ಲಿ ಸುಮಾರು 23 ಮಿಲಿಸೆಕೆಂಡು. ಉಳಿದ ನೂರಾರು ಮಿಲಿಸೆಕೆಂಡುಗಳ ದೊಡ್ಡ ಪಾಲು ಇಯರ್‌ಬಡ್‌ನ ಶೇಖರಣೆಯಲ್ಲಿ, ಎಂದರೆ ಬಫರ್‌ನಲ್ಲಿ, ಕಳೆದುಹೋಗುತ್ತದೆ.

ಆ ಬಫರ್ ಬೇಕೆಂದೇ ಇಟ್ಟದ್ದು. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ವೈಫೈ ಕೂಡ ಓಡಾಡುತ್ತದೆ. ಅದರ ಮೇಲೆ, ಈ ಅಲೆಗಳನ್ನು ನಮ್ಮ ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಫೋನ್ ಪ್ಯಾಂಟಿನ ಜೇಬಿನಲ್ಲಿದ್ದಾಗ ಕೆಲವು ಪ್ಯಾಕೆಟ್‌ಗಳು ಕಿವಿಯನ್ನು ಮುಟ್ಟದೆ ಮತ್ತೆ ಕಳುಹಿಸಬೇಕಾಗುತ್ತದೆ. ಮತ್ತೆ ಕಳುಹಿಸುವ ಹೊತ್ತಿನಲ್ಲಿ ಹಾಡು ತುಂಡಾಗದಿರಲೆಂದು ಇಯರ್‌ಬಡ್ ಒಂದಿಷ್ಟು ಧ್ವನಿಯನ್ನು ಕೈಯಲ್ಲಿ ಉಳಿಸಿಕೊಂಡಿರುತ್ತದೆ. ಹೀಗಾಗಿ ಫೋನಿನ ಆಯ್ಕೆಗಳಲ್ಲಿ ಎಸ್‌ಬಿಸಿಯಿಂದ ಎಎಸಿಗೆ ಅಥವಾ ಎಲ್‌ಡ್ಯಾಕ್‌ಗೆ ಬದಲಿಸಿ ತುಟಿ ಸರಿಹೋಗುತ್ತದೆಂದು ಕಾಯುವುದರಲ್ಲಿ ಅರ್ಥವಿಲ್ಲ. ಎಲ್‌ಡ್ಯಾಕ್ ಸೆಕೆಂಡಿಗೆ 990 ಕಿಲೋಬಿಟ್‌ಗಳವರೆಗೆ ಕಳುಹಿಸುತ್ತದೆ. ಅದರ ಗುರಿ ಧ್ವನಿಯ ಗುಣಮಟ್ಟ, ವೇಗವಲ್ಲ.

ಎಷ್ಟು ತಡವಾದರೆ ತಿಳಿಯುತ್ತದೆ

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಪ್ರಕಟಿಸಿದ ಬಿಟಿ.1359 ಶಿಫಾರಸಿನ ಪ್ರಕಾರ, ಧ್ವನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮೊದಲು ಬಂದರೆ ಅಥವಾ ಸುಮಾರು 125 ಮಿಲಿಸೆಕೆಂಡು ತಡವಾಗಿ ಬಂದರೆ ನೋಡುಗರಿಗೆ ವ್ಯತ್ಯಾಸ ತಿಳಿಯತೊಡಗುತ್ತದೆ. ಒಪ್ಪಿಕೊಳ್ಳಬಹುದಾದ ಮಿತಿ ಮೊದಲಿನ ಕಡೆಗೆ 90, ತಡದ ಕಡೆಗೆ 185 ಮಿಲಿಸೆಕೆಂಡು. ಎರಡು ಕಡೆಯ ಮಿತಿಗಳು ಸಮನಾಗಿಲ್ಲ ಎಂಬುದನ್ನು ಗಮನಿಸಬೇಕು. ದೂರದಲ್ಲಿ ಬಟ್ಟೆ ಒಗೆಯುವವರ ಕೈ ಕಲ್ಲಿಗೆ ಬಡಿದ ಮೇಲೆ ಸದ್ದು ಕೇಳುವುದು ನಮ್ಮ ಕಣ್ಣಿಗೂ ಕಿವಿಗೂ ಅಭ್ಯಾಸವಾಗಿದೆ. ಹತ್ತು ಮೀಟರ್ ದೂರದಿಂದ ಸದ್ದು ಬರಲು ಸುಮಾರು 29 ಮಿಲಿಸೆಕೆಂಡು ಬೇಕು. ಕೈ ಬಡಿಯುವ ಮೊದಲೇ ಸದ್ದು ಕೇಳುವುದು ಮಾತ್ರ ಎಲ್ಲೂ ನಡೆಯುವುದಿಲ್ಲ. ಆದ್ದರಿಂದ ಧ್ವನಿಯನ್ನು ಹೊಂದಿಸುವಾಗ ತುಸು ತಡವಾಗಿಯೇ ಬಿಡುವುದು ಕ್ಷೇಮ. ಅತಿಯಾಗಿ ಮುಂದಕ್ಕೆ ಎಳೆದರೆ ಮೊದಲಿಗಿಂತ ಹೆಚ್ಚು ಕಸಿವಿಸಿಯಾಗುತ್ತದೆ.

200 ಮಿಲಿಸೆಕೆಂಡಿನ ಇಯರ್‌ಬಡ್ ಒಪ್ಪಿಗೆಯ ಗಡಿಯಿಂದ ಸ್ವಲ್ಪವೇ ಆಚೆಗೆ ಬೀಳುತ್ತದೆ. ಪ್ರಕೃತಿ ಚಿತ್ರಗಳನ್ನು ನೋಡುವಾಗ ಏನೂ ಅನ್ನಿಸದೆ, ಮುಖ ಹತ್ತಿರದಿಂದ ಕಾಣುವ ಸಂದರ್ಶನದಲ್ಲಿ ಮಾತ್ರ ತೊಂದರೆ ಎದ್ದು ಕಾಣುವುದು ಈ ಕಾರಣದಿಂದ.

ಚಿತ್ರವನ್ನು ತಡೆಯಬಲ್ಲ ಸಾಧನ: ಫೋನ್

ಫೋನಿನಲ್ಲೇ ವೀಡಿಯೊ ನೋಡುವವರಿಗೆ ಹೆಚ್ಚಿನ ಸಂದರ್ಭಗಳಲ್ಲಿ ಪರಿಹಾರ ತಾನಾಗಿಯೇ ಸಿಗುತ್ತದೆ. ಬ್ಲೂಟೂತ್ ಧ್ವನಿಯ ನಿಯಮಾವಳಿಯಲ್ಲಿ ವಿಳಂಬ ವರದಿ ಎಂಬ ಏರ್ಪಾಡಿದೆ. ತನ್ನಲ್ಲಿ ಧ್ವನಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಇಯರ್‌ಬಡ್ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಫೋನಿಗೆ ತಿಳಿಸುತ್ತದೆ. ವೀಡಿಯೊ ಆ್ಯಪ್ ಅಷ್ಟೇ ಹೊತ್ತು ಚಿತ್ರವನ್ನು ಹಿಂದಕ್ಕೆ ಹಿಡಿಯುತ್ತದೆ. ಧ್ವನಿ ತಡವಾಗಿಯೇ ಬರುತ್ತದೆ, ಚಿತ್ರವೂ ಅದರ ಜೊತೆಗೆ ತಡವಾಗುತ್ತದೆ, ನೋಡುವವರಿಗೆ ಎರಡೂ ಒಟ್ಟಿಗೆ ಕಾಣುತ್ತವೆ.

ಇಯರ್‌ಬಡ್ ಪರೀಕ್ಷಿಸುವವರು ದಾರಿ ತಪ್ಪುವುದು ಇಲ್ಲಿಯೇ. ಫೋನಿನಲ್ಲಿ ಒಂದು ಸಂದರ್ಶನ ನೋಡಿ ತುಟಿ ಸರಿಯಾಗಿದೆಯೆಂದು ಕಂಡರೆ, ಇಯರ್‌ಬಡ್‌ನಲ್ಲಿ ವಿಳಂಬವೇ ಇಲ್ಲ ಎಂದು ಬರೆದುಬಿಡುತ್ತಾರೆ. ಅದೇ ಫೋನಿನ ಕೀಲಿಮಣೆಯ ಸದ್ದನ್ನು ಹಾಕಿಕೊಂಡು ಅಕ್ಷರ ಒತ್ತಿದರೆ ನಿಜ ಗೊತ್ತಾಗುತ್ತದೆ. ಬೆರಳಿನ ಒತ್ತುವಿಕೆಯನ್ನು ಯಾವ ಆ್ಯಪ್ ಕೂಡ ತಡೆದು ಹಿಡಿಯಲಾರದು. ಹಾಗಾಗಿ ಟಕ್ಕೆಂಬ ಸದ್ದು ಬೆರಳೆತ್ತಿದ ಮೇಲೆ ಬರುತ್ತದೆ. ಆಟಗಳ ಸ್ಥಿತಿಯೂ ಇದೇ. ವೀಡಿಯೊದಲ್ಲಿ ಸರಿಯಿದ್ದು ಆಟದಲ್ಲಿ ತಡವಾಗುವ ಇಯರ್‌ಬಡ್ ಕೆಟ್ಟಿಲ್ಲ. ವೀಡಿಯೊದಲ್ಲಿ ಫೋನ್ ಅದರ ತಡವನ್ನು ಮುಚ್ಚಿಡುತ್ತಿದೆ, ಅಷ್ಟೆ.

ಫೋನಿನಲ್ಲಿಯೇ ಚಿತ್ರ ಮತ್ತು ಧ್ವನಿ ಹೊಂದದಿದ್ದರೆ ಮೊದಲು ಬೇರೆ ವೀಡಿಯೊ ಆ್ಯಪ್‌ನಲ್ಲಿ ನೋಡಬೇಕು. ಅಲ್ಲಿ ಸರಿಯಿದ್ದರೆ ದೋಷ ಮೊದಲಿನ ಆ್ಯಪ್‌ನದು. ಎಲ್ಲ ಕಡೆಯೂ ಒಂದೇ ಅಳತೆಯ ತಪ್ಪು ಕಂಡರೆ ಇಯರ್‌ಬಡ್ ಕೊಡುವ ವರದಿ ನಿಜಕ್ಕೆ ಹೊಂದುತ್ತಿಲ್ಲ ಎಂದು ಶಂಕಿಸಬಹುದು; ಇಯರ್‌ಬಡ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಜೋಡಣೆಯನ್ನು ಅಳಿಸಿ ಹೊಸದಾಗಿ ಜೋಡಿಸಿ ನೋಡುವುದು ಆಗ ಸರಿಯಾದ ಹೆಜ್ಜೆ.

ಗೇಮ್ ಮೋಡ್: ಯಾವಾಗ ಬೇಕು, ಯಾವಾಗ ಬೇಡ

ಗೇಮ್ ಮೋಡ್ ಅಥವಾ ಕಡಿಮೆ ವಿಳಂಬದ ಮೋಡ್ ಎಂಬ ಹೆಸರಿನಲ್ಲಿ ಇಯರ್‌ಬಡ್‌ಗಳು ಮಾಡುವ ಮುಖ್ಯ ಕೆಲಸವೆಂದರೆ ಬಫರ್ ಅನ್ನು ಕುಗ್ಗಿಸುವುದು. ಆಟ ಆಡುವವರಿಗೆ, ಚಿತ್ರವನ್ನು ತಡೆಯಲಾಗದ ಟಿವಿಯ ಮುಂದೆ ಕೂತವರಿಗೆ ಇದು ನಿಜಕ್ಕೂ ಉಪಯುಕ್ತ. ಇದರ ಬೆಲೆ ತುಂಡಾಗುವ ಧ್ವನಿ: ಶೇಖರಣೆ ಕಡಿಮೆಯಾದಷ್ಟೂ ಒಂದು ಪ್ಯಾಕೆಟ್ ತಪ್ಪಿದಾಗ ಕಾಯಲು ಸಮಯವಿರುವುದಿಲ್ಲ. ಸಾಧನ ಎದುರಿಗೇ ಇದ್ದು, ನಡುವೆ ಗೋಡೆಯಾಗಲಿ ಜನರಾಗಲಿ ಇಲ್ಲದಿದ್ದರೆ ಇದು ಅಷ್ಟಾಗಿ ಬಾಧಿಸದು.

ಆದರೆ ಫೋನಿನಲ್ಲಿ ಸಿನಿಮಾ ನೋಡುವಾಗ ಇದನ್ನು ಆಫ್ ಮಾಡಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಮೋಡ್ ಬದಲಾದ ಸಂಗತಿಯನ್ನು ಇಯರ್‌ಬಡ್ ಹೊಸ ವಿಳಂಬ ವರದಿಯಾಗಿ ಕಳುಹಿಸದಿದ್ದರೆ, ಫೋನ್ ಹಳೆಯ 200 ಮಿಲಿಸೆಕೆಂಡಿನ ಲೆಕ್ಕದಲ್ಲೇ ಚಿತ್ರವನ್ನು ತಡೆಯುತ್ತಿರುತ್ತದೆ, ಧ್ವನಿಯಾದರೋ 80 ಮಿಲಿಸೆಕೆಂಡಿಗೇ ಬಂದುಬಿಡುತ್ತದೆ. ಆಗ ಮಾತು ತುಟಿಗಿಂತ 120 ಮಿಲಿಸೆಕೆಂಡು ಮುಂಚಿತವಾಗಿ ಕೇಳುತ್ತದೆ. ಮೇಲೆ ಹೇಳಿದ 90ರ ಮಿತಿಯನ್ನು ಅದು ದಾಟಿರುತ್ತದೆ. ಮಾತು ಮೊದಲು, ತುಟಿ ಆಮೇಲೆ ಎಂಬ ಲಕ್ಷಣ ಕಂಡ ಕೂಡಲೇ ಗೇಮ್ ಮೋಡ್ ಆಫ್ ಮಾಡಿ, ವೀಡಿಯೊವನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರುಮಾಡಿ ನೋಡಬೇಕು.

ಲ್ಯಾಪ್‌ಟಾಪ್: ಅಳೆದು ಹೊಂದಿಸಿದ ಒಂದು ಉದಾಹರಣೆ

ಲ್ಯಾಪ್‌ಟಾಪಿನಲ್ಲಿ ಚಿತ್ರವನ್ನು ತಡೆಯುವ ಶಕ್ತಿ ಪ್ಲೇಯರ್‌ಗೆ ಇದೆ, ಆದರೆ ಎಷ್ಟು ತಡೆಯಬೇಕೆಂಬ ಸಂಖ್ಯೆ ಅದಕ್ಕೆ ಯಾವಾಗಲೂ ಸರಿಯಾಗಿ ಸಿಗುವುದಿಲ್ಲ. ಆ ಸಂಖ್ಯೆಯನ್ನು ನಾವೇ ಕೊಡಬಹುದು. ಕಣ್ಣಂದಾಜಿನಲ್ಲಿ ಹೊಂದಿಸುವುದಕ್ಕಿಂತ ಒಮ್ಮೆ ಅಳೆಯುವುದು ಒಳ್ಳೆಯದು, ಏಕೆಂದರೆ ಹತ್ತು ನಿಮಿಷ ತುಟಿಯನ್ನೇ ದಿಟ್ಟಿಸಿದ ಮೇಲೆ ಯಾವುದು ಸರಿ ಎಂಬ ತೀರ್ಪು ಯಾರಿಗಾದರೂ ಕೈಕೊಡುತ್ತದೆ.

ನಾನು ಅಳೆದದ್ದು ಹೀಗೆ. ಒಬ್ಬರು ಒಂದೇ ಸಲ ಜೋರಾಗಿ ಚಪ್ಪಾಳೆ ತಟ್ಟುವ ಚಿಕ್ಕ ವೀಡಿಯೊವನ್ನು ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಪ್ಲೇಯರ್‌ನಿಂದ ನುಡಿಸಿದೆ. ಇಯರ್‌ಬಡ್ ಒಂದನ್ನು ಇನ್ನೊಂದು ಫೋನಿನ ಮೈಕ್‌ಗೆ ಅಂಟಿದಂತೆ ಹಿಡಿದು, ಆ ಫೋನಿನಿಂದ ಪರದೆಯನ್ನು ಸೆಕೆಂಡಿಗೆ 60 ಫ್ರೇಮ್‌ಗಳ ವೇಗದಲ್ಲಿ ಚಿತ್ರೀಕರಿಸಿದೆ. ಆ ವೇಗದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡು. ಬಳಿಕ ಆ ಚಿತ್ರೀಕರಣವನ್ನು ಧ್ವನಿಯ ಅಲೆಯನ್ನು ಗೆರೆಯಾಗಿ ತೋರಿಸುವ ವೀಡಿಯೊ ಎಡಿಟರ್‌ನಲ್ಲಿ ತೆರೆದು, ಅಂಗೈಗಳು ಕೂಡುವ ಫ್ರೇಮ್‌ನಿಂದ ಅಲೆ ಚಿಮ್ಮುವ ಜಾಗದವರೆಗೆ ಎಣಿಸಿದೆ. 15 ಫ್ರೇಮ್ ಬಂತು, ಎಂದರೆ 250 ಮಿಲಿಸೆಕೆಂಡು. ಚಿತ್ರೀಕರಿಸುವ ಫೋನಿನ ಸ್ವಂತ ತಪ್ಪೂ ಇದರಲ್ಲಿ ಸೇರಿರುತ್ತದೆಂಬುದನ್ನು ಮರೆಯಬಾರದು. ಅದಕ್ಕಾಗಿ ಬ್ಲೂಟೂತ್ ಕಡಿದು, ಲ್ಯಾಪ್‌ಟಾಪಿನ ಸ್ಪೀಕರ್‌ನಿಂದಲೇ ಅದೇ ಚಪ್ಪಾಳೆಯನ್ನು ಮತ್ತೆ ಚಿತ್ರೀಕರಿಸಿದೆ. ಆಗ ಒಂದು ಫ್ರೇಮ್‌ನಷ್ಟು, ಹೆಚ್ಚುಕಡಿಮೆ 17 ಮಿಲಿಸೆಕೆಂಡಿನ ಅಂತರ ಕಂಡಿತು. ಅದನ್ನು ಕಳೆದರೆ ಇಯರ್‌ಬಡ್‌ನ ಪಾಲು ಸುಮಾರು 233 ಮಿಲಿಸೆಕೆಂಡು. ಮೂರು ಸಲ ಅಳೆದು ನಡುವಿನ ಸಂಖ್ಯೆಯನ್ನು ತೆಗೆದುಕೊಂಡರೆ ಸಾಕು.

ವಿಎಲ್‌ಸಿಯಲ್ಲಿ J ಕೀಲಿಯನ್ನು ಒತ್ತಿದರೆ ಧ್ವನಿ 50 ಮಿಲಿಸೆಕೆಂಡು ಮುಂದಕ್ಕೆ ಬರುತ್ತದೆ, K ಒತ್ತಿದರೆ ಅಷ್ಟೇ ಹಿಂದಕ್ಕೆ ಹೋಗುತ್ತದೆ. ನಾಲ್ಕು ಸಲ J ಒತ್ತಿದಾಗ 200 ಮಿಲಿಸೆಕೆಂಡು ಸರಿದು, 33 ಮಿಲಿಸೆಕೆಂಡಿನ ತಡ ಉಳಿಯಿತು. ಐದನೇ ಸಲ ಒತ್ತಿದರೆ ಧ್ವನಿ 17 ಮಿಲಿಸೆಕೆಂಡು ಮುಂಚೆ ಬರುತ್ತಿತ್ತು. ಅಂಕಿಯ ಲೆಕ್ಕದಲ್ಲಿ ಐದೇ ಹತ್ತಿರವಾದರೂ ನಾನು ನಾಲ್ಕಕ್ಕೇ ನಿಲ್ಲಿಸಿದೆ; 33 ಮಿಲಿಸೆಕೆಂಡಿನ ತಡ ಯಾರ ಅರಿವಿಗೂ ಬರುವಂಥದ್ದಲ್ಲ, ಮತ್ತು ವಿಳಂಬ ಸ್ವಲ್ಪ ಏರಿಳಿದರೂ ಧ್ವನಿ ಮುಂಚೆ ಬರುವ ಕಡೆಗೆ ಜಾರುವ ಅಪಾಯವಿರುವುದಿಲ್ಲ. ಹೀಗೆ ಒತ್ತಿದ್ದು ಆ ಹೊತ್ತಿನ ವೀಡಿಯೊಗೆ ಮಾತ್ರ. ಎಂಪಿವಿ ಪ್ಲೇಯರ್ ಬಳಸುವವರು ಸಂಖ್ಯೆಯನ್ನು ನೇರವಾಗಿ ಕೊಟ್ಟೇ ಶುರುಮಾಡಬಹುದು. ಇಲ್ಲಿ ಋಣ ಚಿಹ್ನೆ ಧ್ವನಿಯನ್ನು ಮುಂದಕ್ಕೆ ತರುತ್ತದೆ, ಅಳತೆ ಸೆಕೆಂಡಿನಲ್ಲಿರುತ್ತದೆ.

```
mpv --audio-delay=-0.2 video.mkv
```

ಇದನ್ನು ಶಾಶ್ವತ ಆಯ್ಕೆಯಾಗಿ ಉಳಿಸುವ ಮುನ್ನ ಯೋಚಿಸಬೇಕು. ಇಯರ್‌ಬಡ್ ತೆಗೆದು ಸ್ಪೀಕರ್‌ನಲ್ಲಿ ಕೇಳತೊಡಗಿದಾಗಲೂ ಪ್ಲೇಯರ್ ಧ್ವನಿಯನ್ನು 200 ಮಿಲಿಸೆಕೆಂಡು ಮುಂದಕ್ಕೆ ಎಳೆಯುತ್ತಲೇ ಇರುತ್ತದೆ, ಆಗ ಹೊಸ ತೊಂದರೆ ಹುಟ್ಟುತ್ತದೆ.

ಬ್ರೌಸರ್‌ನಲ್ಲಿ ನೋಡುವ ವೀಡಿಯೊಗೆ ಇಂಥ ಕೀಲಿ ಸಾಮಾನ್ಯವಾಗಿ ಇರುವುದಿಲ್ಲ. ಬ್ರೌಸರ್ ಆಪರೇಟಿಂಗ್ ಸಿಸ್ಟಂ ಹೇಳಿದ ವಿಳಂಬವನ್ನು ನಂಬುತ್ತದೆ. ಅದು ಸರಿಯಿದ್ದರೆ ತುಟಿಯೂ ಸರಿ. ಲಿನಕ್ಸ್‌ನಲ್ಲಿ `pavucontrol` ತೆರೆದು, ಇಯರ್‌ಬಡ್‌ನ ಎದುರಿಗೆ ಕಾಣುವ `Latency offset` ಸಂಖ್ಯೆಯನ್ನು ಬದಲಿಸಿದರೆ ಬ್ರೌಸರ್ ಸೇರಿ ಎಲ್ಲ ಪ್ಲೇಯರ್‌ಗಳಿಗೂ ಅದು ತಲುಪುತ್ತದೆ, ಮತ್ತು ಅದು ಆ ಸಾಧನಕ್ಕಷ್ಟೇ ಅನ್ವಯಿಸುವುದರಿಂದ ಸ್ಪೀಕರ್‌ನ ಧ್ವನಿ ಕೆಡುವುದಿಲ್ಲ. ಈ ಸೌಲಭ್ಯವಿಲ್ಲದ ಕಡೆ ವೀಡಿಯೊವನ್ನು ಡೌನ್‌ಲೋಡ್ ಮಾಡಿ ಪ್ಲೇಯರ್‌ನಲ್ಲಿ ನೋಡುವುದು, ಅದಕ್ಕೆ ಅನುಮತಿಯಿದ್ದರೆ, ಸುಲಭದ ದಾರಿ.

ಚಿತ್ರವನ್ನು ತಡೆಯಲಾಗದ ಸಾಧನ: ಟಿವಿ

ಅತಿ ಹೆಚ್ಚು ಗೊಂದಲ ಇಲ್ಲಿಯೇ ಇರುವುದು. ಟಿವಿಯ ಒಳಗಿನ ಆ್ಯಪ್‌ನಿಂದ ಸಿನಿಮಾ ನೋಡಿದರೆ ಇಯರ್‌ಬಡ್‌ನ ಮಾತು ತುಟಿಗೆ ಹೊಂದುತ್ತದೆ, ಅದೇ ಟಿವಿಗೆ ಎಚ್‌ಡಿಎಂಐ ತಂತಿಯಿಂದ ಜೋಡಿಸಿದ ಸೆಟ್-ಟಾಪ್ ಬಾಕ್ಸ್‌ನ ವಾಹಿನಿಯಲ್ಲಿ ಹೊಂದುವುದಿಲ್ಲ. ಆ್ಯಪ್ ಟಿವಿಯ ಒಳಗೇ ಇರುವುದರಿಂದ ಇಯರ್‌ಬಡ್‌ನ ವಿಳಂಬ ಅದಕ್ಕೆ ತಿಳಿಯುತ್ತದೆ, ಅದು ಚಿತ್ರವನ್ನು ತಡೆಯುತ್ತದೆ. ಹೊರಗಿನ ಪೆಟ್ಟಿಗೆಗೆ ಇಯರ್‌ಬಡ್ ಇದೆಯೆಂದೇ ಗೊತ್ತಿಲ್ಲ. ಅದು ಚಿತ್ರ ಮತ್ತು ಧ್ವನಿಯನ್ನು ಒಟ್ಟಿಗೆ ಕಳುಹಿಸಿಬಿಡುತ್ತದೆ, ಟಿವಿ ಚಿತ್ರವನ್ನು ಕೂಡಲೇ ತೋರಿಸಿ ಧ್ವನಿಯನ್ನು ಬ್ಲೂಟೂತ್‌ನ ಉದ್ದದ ದಾರಿಗೆ ಕಳುಹಿಸುತ್ತದೆ.

ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಧ್ವನಿಯ ವಿಳಂಬ ಎಂಬ ಅರ್ಥದ ಆಯ್ಕೆ ಕಂಡಾಗ ಸಂತೋಷಪಡುವ ಮೊದಲು ಅದು ಯಾವ ದಿಕ್ಕಿಗೆ ಕೆಲಸ ಮಾಡುತ್ತದೆಂದು ನೋಡಬೇಕು. ಹಲವು ಟಿವಿಗಳಲ್ಲಿ ಅದು ಧ್ವನಿಯನ್ನು ಇನ್ನಷ್ಟು ತಡಮಾಡಲಷ್ಟೇ ಶಕ್ತ. ಸೌಂಡ್‌ಬಾರ್‌ನ ಧ್ವನಿ ಚಿತ್ರಕ್ಕಿಂತ ಮೊದಲು ಬರುವ ತೊಂದರೆಗೆಂದು ಅದನ್ನು ಇಟ್ಟಿರುತ್ತಾರೆ. ಅದನ್ನು ಸೊನ್ನೆಗೆ ಇಳಿಸಿದ ಮೇಲೂ ಮಾತು ತಡವಾಗುತ್ತಿದ್ದರೆ ಆ ಆಯ್ಕೆಯಿಂದ ಸಿಗುವ ಲಾಭ ಮುಗಿಯಿತೆಂದು ತಿಳಿಯಬೇಕು. ಬ್ಲೂಟೂತ್‌ಗೆಂದೇ ಬೇರೆಯಾದ ಹೊಂದಾಣಿಕೆ ಇರುವ ಟಿವಿಗಳೂ ಇವೆ; ಅಲ್ಲಿ ಮೊದಲು ಅದನ್ನೇ ಪ್ರಯತ್ನಿಸಬೇಕು.

ಇನ್ನೊಂದು ಸಣ್ಣ ಉಪಾಯ ಹಲವರಿಗೆ ಹೊಳೆಯುವುದಿಲ್ಲ. ಟಿವಿಯ ಚಿತ್ರ ವಿಭಾಗದಲ್ಲಿರುವ ಗೇಮ್ ಮೋಡ್, ಚಿತ್ರವನ್ನು ತಿದ್ದಿ ಹೊಳಪಿಸುವ ಕೆಲಸವನ್ನು ಬಿಟ್ಟುಕೊಟ್ಟು ಅದನ್ನು ಬೇಗನೆ ತೋರಿಸುತ್ತದೆ. ಬ್ಲೂಟೂತ್‌ನಲ್ಲಿ ಕೇಳುವಾಗ ಚಿತ್ರ ಬೇಗ ಬಂದಷ್ಟೂ ನಮಗೆ ನಷ್ಟ. ಆ ಗೇಮ್ ಮೋಡ್ ಆಫ್ ಮಾಡಿ ಸಾಮಾನ್ಯ ಅಥವಾ ಸಿನಿಮಾ ಮೋಡ್‌ಗೆ ಬಂದರೆ ಚಿತ್ರ ಹಲವು ಹತ್ತು ಮಿಲಿಸೆಕೆಂಡು ಹಿಂದೆ ಬೀಳುತ್ತದೆ, ಅಷ್ಟು ಅಂತರ ಕಡಿಮೆಯಾಗುತ್ತದೆ. ಇಯರ್‌ಬಡ್‌ನ ಗೇಮ್ ಮೋಡ್ ಹಾಕಿ, ಟಿವಿಯ ಗೇಮ್ ಮೋಡ್ ತೆಗೆದಾಗ ಎರಡು ಕಡೆಯಿಂದಲೂ ಅಂತರ ಕುಗ್ಗಿ, ಕೆಲವರಿಗೆ ಅಲ್ಲಿಗೇ ತೊಂದರೆ ತೀರುತ್ತದೆ.

ಅಲ್ಲಿಗೂ ತೀರದಿದ್ದರೆ ಟ್ರಾನ್ಸ್‌ಮಿಟರ್‌ನ ಮಾತು ಬರುತ್ತದೆ. ಟಿವಿಯ ಹೆಡ್‌ಫೋನ್ ಕಿಂಡಿಗೆ ಅಥವಾ ಆಪ್ಟಿಕಲ್ ಕಿಂಡಿಗೆ ಸಿಕ್ಕಿಸುವ ಈ ಪೆಟ್ಟಿಗೆಗಳಲ್ಲಿ ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಎಂಬ ಕೋಡೆಕ್ ಇರುವವು ವಿಳಂಬವನ್ನು ಸುಮಾರು 40 ಮಿಲಿಸೆಕೆಂಡಿಗೆ ಇಳಿಸುತ್ತವೆ. ಸಿನಿಮಾ ನೋಡಲು ಇದು ಧಾರಾಳವಾಗಿ ಸಾಕು. ಆದರೆ ಆ ಕೋಡೆಕ್ ಟ್ರಾನ್ಸ್‌ಮಿಟರ್‌ನಲ್ಲೂ ಇರಬೇಕು, ಕಿವಿಯಲ್ಲಿರುವ ಸಾಧನದಲ್ಲೂ ಇರಬೇಕು. ಒಂದು ಕಡೆ ಇಲ್ಲದಿದ್ದರೆ ಇಬ್ಬರಿಗೂ ಗೊತ್ತಿರುವ ಎಸ್‌ಬಿಸಿಗೆ ಇಳಿದು, ಹಳೆಯ ವಿಳಂಬವೇ ಮರಳುತ್ತದೆ. ಎರಡೂ ಕಿವಿಗೆ ಬೇರೆಬೇರೆಯಾಗಿರುವ ಇಯರ್‌ಬಡ್‌ಗಳಲ್ಲಿ ಈ ಕೋಡೆಕ್ ಅಪರೂಪ, ಕಿವಿ ಮುಚ್ಚುವ ಹೆಡ್‌ಫೋನ್‌ಗಳಲ್ಲಿ ಹೆಚ್ಚು. ಇಯರ್‌ಬಡ್‌ನ ಪೆಟ್ಟಿಗೆಯ ಮೇಲೆ ಆಪ್ಟ್‌ಎಕ್ಸ್ ಅಥವಾ ಆಪ್ಟ್‌ಎಕ್ಸ್ ಅಡಾಪ್ಟಿವ್ ಎಂದಷ್ಟೇ ಬರೆದಿದ್ದರೆ ಅದು ಲೋ ಲೇಟೆನ್ಸಿಗೆ ಸಮವಲ್ಲ. ಅಡಾಪ್ಟಿವ್ ಇರುವ ಇಯರ್‌ಬಡ್‌ಗೆ ಅಡಾಪ್ಟಿವ್ ಇರುವ ಟ್ರಾನ್ಸ್‌ಮಿಟರನ್ನೇ ಆರಿಸಬೇಕು. ಹಾಗಾಗಿ ಸರಿಯಾದ ಕ್ರಮವೆಂದರೆ, ಕೈಯಲ್ಲಿರುವ ಇಯರ್‌ಬಡ್‌ನ ಕೋಡೆಕ್ ಪಟ್ಟಿಯನ್ನು ಮೊದಲು ಓದಿ, ಆಮೇಲೆ ಟ್ರಾನ್ಸ್‌ಮಿಟರ್ ಹುಡುಕುವುದು. ಆಪ್ಟಿಕಲ್ ಕಿಂಡಿ ಬಳಸುವವರು ಟಿವಿಯ ಡಿಜಿಟಲ್ ಧ್ವನಿಯನ್ನು `PCM` ಎಂದು ಬದಲಿಸಬೇಕು. ಇಲ್ಲದಿದ್ದರೆ ಹಲವು ಟ್ರಾನ್ಸ್‌ಮಿಟರ್‌ಗಳಲ್ಲಿ ಏನೂ ಕೇಳಿಸುವುದಿಲ್ಲ.

ಎಲ್‌ಇ ಆಡಿಯೋ ಎಂಬ ಹೊಸ ವ್ಯವಸ್ಥೆಯೂ ಈಗ ಸಾಧನಗಳಿಗೆ ಬರುತ್ತಿದೆ. ಅದರ ಎಲ್‌ಸಿ3 ಕೋಡೆಕ್ 7.5 ಅಥವಾ 10 ಮಿಲಿಸೆಕೆಂಡಿನ ಚೌಕಟ್ಟುಗಳಲ್ಲಿ ಕೆಲಸ ಮಾಡುತ್ತದೆ, ಕಳುಹಿಸುವ ಸಮಯವೂ ಮೊದಲೇ ನಿಗದಿಯಾಗಿರುತ್ತದೆ. ದೊಡ್ಡ ಬಫರ್‌ನ ಅವಶ್ಯಕತೆ ಕಡಿಮೆ. ಇದಕ್ಕೆ ಬೇಕಾದ ಅಡಿಪಾಯ ಬ್ಲೂಟೂತ್ 5.2ರಲ್ಲಿ ಬಂದರೂ, 5.2 ಅಥವಾ 5.3 ಎಂದು ಬರೆದ ಮಾತ್ರಕ್ಕೆ ಸಾಧನದಲ್ಲಿ ಎಲ್‌ಇ ಆಡಿಯೋ ಇದೆಯೆಂದು ನಂಬಬಾರದು. ಆ ಹೆಸರೇ ಎರಡೂ ಸಾಧನಗಳ ವಿವರದಲ್ಲಿ ಇರಬೇಕು.

ತಂತಿ

ತಂತಿಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಅದರಲ್ಲಿ ಕುಗ್ಗಿಸುವುದಾಗಲಿ, ಮತ್ತೆ ಕಳುಹಿಸುವುದಾಗಲಿ ಇಲ್ಲ. ವೀಡಿಯೊ ಎಡಿಟ್ ಮಾಡುವವರು, ತಮ್ಮದೇ ದನಿಯನ್ನು ಕೇಳಿಸಿಕೊಳ್ಳುತ್ತಾ ರೆಕಾರ್ಡ್ ಮಾಡುವವರು ಬೇರೆ ಯಾವುದನ್ನೂ ಆರಿಸಬಾರದು. ತುಟಿಗೆ ಮಾತನ್ನು ಹೊಂದಿಸುವ ಕೆಲಸವನ್ನು ಬ್ಲೂಟೂತ್‌ನಲ್ಲಿ ಕೇಳುತ್ತಾ ಮಾಡಿದರೆ, ಇಯರ್‌ಬಡ್‌ನ ತಪ್ಪು ಕಡತದೊಳಗೇ ಶಾಶ್ವತವಾಗಿ ಸೇರಿಕೊಳ್ಳುತ್ತದೆ.

ಬ್ಲೂಟೂತ್‌ನದಲ್ಲದ ದೋಷ

ಇದಾವುದನ್ನೂ ಮಾಡುವ ಮೊದಲು ತಪ್ಪು ಬ್ಲೂಟೂತ್‌ನದೇ ಎಂದು ಖಚಿತಪಡಿಸಿಕೊಳ್ಳಬೇಕು. ಇಯರ್‌ಬಡ್‌ನ ಸಂಪರ್ಕ ಕಡಿದು ಸಾಧನದ ಸ್ಪೀಕರ್‌ನಲ್ಲಿ ಕೇಳಿದಾಗಲೂ ಅದೇ ವ್ಯತ್ಯಾಸ ಉಳಿದರೆ ದೋಷ ವೀಡಿಯೊ ಕಡತದ್ದು ಅಥವಾ ಪ್ರಸಾರದ್ದು. ಬ್ಲೂಟೂತ್‌ನ ವಿಳಂಬ ಮೊದಲ ನಿಮಿಷದಲ್ಲೂ ನೂರನೇ ನಿಮಿಷದಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಸಿನಿಮಾ ಸಾಗಿದಂತೆ ಅಂತರ ಬೆಳೆಯುತ್ತಾ ಹೋದರೆ, ಅಥವಾ ಸ್ವಲ್ಪ ಹಿಂದಕ್ಕೆ ಓಡಿಸಿದ ಕೂಡಲೇ ಸರಿಹೋಗಿ ಮತ್ತೆ ಕೆಟ್ಟರೆ, ಚಿತ್ರವನ್ನು ಬಿಡಿಸುವ ಸಾಮರ್ಥ್ಯ ಸಾಧನಕ್ಕೆ ಸಾಲುತ್ತಿಲ್ಲ ಇಲ್ಲವೇ ಕಡತವೇ ಸರಿಯಾಗಿ ತಯಾರಾಗಿಲ್ಲ. ಅಲ್ಲಿ J ಕೀಲಿಯಿಂದ ಮಾಡಿದ ಹೊಂದಾಣಿಕೆ ಕೆಲವು ನಿಮಿಷಗಳಲ್ಲೇ ಹಾಳಾಗುತ್ತದೆ. ವೀಡಿಯೊದ ರೆಸಲ್ಯೂಶನ್ ಇಳಿಸಿ ನೋಡುವುದು, ಅಥವಾ ಅದೇ ವೀಡಿಯೊದ ಬೇರೊಂದು ಪ್ರತಿಯನ್ನು ಹುಡುಕುವುದು ಅಲ್ಲಿ ಮಾಡಬೇಕಾದ ಕೆಲಸ.